ಆರು ವಾರದಲ್ಲಿ ಮೊದಲ ವರ್ಷದ ಕೆಮಿಸ್ಟ್ರಿ: ನಿನ್ನ ಓದಿನ ಪ್ಲಾನ್

ದಿನಕ್ಕೆ ಎರಡು ಗಂಟೆ, ಭಾನುವಾರ ಮೂರು ಗಂಟೆ ಸಿಗುತ್ತದೆ ಅಂದಿದ್ದೆಯಲ್ಲ, ಅದಕ್ಕೆ ತಕ್ಕಂತೆ ಬರೆದಿದ್ದೇನೆ. ಪಾಠಗಳು ಪುಸ್ತಕದ ಕ್ರಮದಲ್ಲಿಲ್ಲ. ಯಾವುದಕ್ಕೆ ಯಾವುದು ಮೊದಲು ಗೊತ್ತಿರಬೇಕೋ ಆ ಕ್ರಮದಲ್ಲಿವೆ. ಈಕ್ವಿಲಿಬ್ರಿಯಂ ನಿನಗೆ ಕಷ್ಟ, ಅದಕ್ಕೇ ಜಾಸ್ತಿ ದಿನ ಕೊಟ್ಟಿದ್ದೇನೆ.

ದಿನಾ ಕೂತ ಕೂಡಲೇ ಹೊಸ ಪಾಠ ತೆಗೆಯಬೇಡ. ಮೊದಲ ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿಟ್ಟು, ನಿನ್ನೆ ಓದಿದ್ದನ್ನು ಖಾಲಿ ಹಾಳೆಯ ಮೇಲೆ ಬರೆ. ನೆನಪಿಗೆ ಬಾರದ್ದು ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ, ಸುಮ್ನೆ ಮತ್ತೆ ಮತ್ತೆ ಓದಿದರೆ ಗೊತ್ತಾಗುವುದಿಲ್ಲ. ಆಮೇಲೆ ಪಾಠ, ಲೆಕ್ಕ. ಕೊನೆಯ ಹತ್ತು ನಿಮಿಷ ಹೈಡ್ರೋಜನ್, ಎಸ್-ಬ್ಲಾಕ್, ಪಿ-ಬ್ಲಾಕ್‌ಗೆ ಇಡು. ಅವಕ್ಕೆ ಬೇರೆ ವಾರ ಕೊಟ್ಟಿಲ್ಲ, ದಿನಾ ಸ್ವಲ್ಪ ಸ್ವಲ್ಪ ಓದಿದರೇ ಅವು ತಲೆಯಲ್ಲಿ ಉಳಿಯುವುದು. ತಪ್ಪಾದ ಪ್ರತಿ ಲೆಕ್ಕವನ್ನೂ ಒಂದು ಬೇರೆ ನೋಟ್‌ಬುಕ್‌ನಲ್ಲಿ ಬರೆದು, ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಒಂದು ಸಾಲು ಹಾಕು.

ಮೊದಲ ವಾರ: ಮೋಲ್, ನಂತರ ಅನಿಲಗಳು

ಇದು ಗಟ್ಟಿಯಾಗದೆ ಮುಂದೆ ಹೋಗಬೇಡ. ಸಮೀಕರಣ ಸರಿದೂಗಿಸುವುದು, ಮೊಲಾರಿಟಿ, ಲಿಮಿಟಿಂಗ್ ರಿಯೇಜೆಂಟ್. 4 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಸೇರಿದರೆ ನೀರೆಷ್ಟು, ಉಳಿದದ್ದೇನು? 18 ಗ್ರಾಂ ನೀರು, 2 ಗ್ರಾಂ ಹೈಡ್ರೋಜನ್ ಎಂದು ಕಾಗದದ ಮೇಲೆ ತಡವರಿಸದೆ ಬರಬೇಕು. ಶುಕ್ರವಾರದಿಂದ PV = nRT. ಒತ್ತಡ atm, ಗಾತ್ರ ಲೀಟರ್ ಆದರೆ R = 0.0821, ಪಾಸ್ಕಲ್, ಘನಮೀಟರ್ ಆದರೆ 8.314. ತಾಪಮಾನ ಯಾವಾಗಲೂ ಕೆಲ್ವಿನ್‌ನಲ್ಲೇ.

ಎರಡನೇ ವಾರ: ಪರಮಾಣು ರಚನೆ, ಆವರ್ತಕ ಕೋಷ್ಟಕ

ಕ್ವಾಂಟಂ ಸಂಖ್ಯೆಗಳು, ಎಲೆಕ್ಟ್ರಾನ್ ವಿನ್ಯಾಸ. ಕ್ರೋಮಿಯಂ 3d⁵4s¹, ತಾಮ್ರ 3d¹⁰4s¹ ಎಂಬ ಎರಡು ಅಪವಾದಗಳನ್ನು ಬಿಡಬೇಡ. ಕೋಷ್ಟಕದಲ್ಲಿ ಟ್ರೆಂಡ್ ಬಾಯಿಪಾಠ ಮಾಡುವುದಕ್ಕಿಂತ, ಆಕ್ಸಿಜನ್‌ಗಿಂತ ನೈಟ್ರೋಜನ್‌ನ ಅಯನೀಕರಣ ಶಕ್ತಿ ಯಾಕೆ ಜಾಸ್ತಿ ಅಂತ ನಿನ್ನ ಮಾತಲ್ಲಿ ವಿವರಿಸು. ಅದು ಬಂದರೆ ಉಳಿದದ್ದು ಬರುತ್ತದೆ.

ಮೂರನೇ ವಾರ: ಬಾಂಡಿಂಗ್, ಥರ್ಮೊಡೈನಮಿಕ್ಸ್

ಮೂರು ದಿನ ಬಾಂಡಿಂಗ್. CH₄ 109.5°, NH₃ 107°, H₂O 104.5°, ಕೋನ ಯಾಕೆ ಕಡಿಮೆಯಾಗುತ್ತಾ ಹೋಗುತ್ತದೆ ಅಂತ ಚಿತ್ರ ಬರೆದೇ ಹೇಳು. O₂ ಪ್ಯಾರಾಮ್ಯಾಗ್ನೆಟಿಕ್ ಎಂಬುದಕ್ಕೆ ಉತ್ತರ ಮಾಲಿಕ್ಯುಲರ್ ಆರ್ಬಿಟಲ್ ಚಿತ್ರದಲ್ಲಿದೆ.

ನಂತರ ΔG = ΔH − TΔS. ಇಲ್ಲಿ ಅಂಕ ಹೋಗುವುದು ಹೆಚ್ಚಾಗಿ ಯೂನಿಟ್‌ನಲ್ಲಿ: ΔH ಕಿಲೋಜೌಲ್‌ನಲ್ಲಿ, ΔS ಜೌಲ್‌ನಲ್ಲಿ ಕೊಟ್ಟಿರುತ್ತಾರೆ. ಮಂಜುಗಡ್ಡೆ ಕರಗುವುದಕ್ಕೆ 6.01 kJ/mol, 22.0 J/K·mol ಹಾಕಿ ನೋಡು, ΔG ಸೊನ್ನೆಯಾಗುವ ತಾಪಮಾನ 273 K ಬರುತ್ತದೆ. ನೀನೇ ಲೆಕ್ಕ ಮಾಡಿ ಅಲ್ಲಿಗೆ ತಲುಪಿದರೆ ಈ ಸೂತ್ರದ ಮೇಲೆ ನಂಬಿಕೆ ಬರುತ್ತದೆ.

ನಾಲ್ಕನೇ ವಾರ ಪೂರ್ತಿ, ಐದನೆಯದರ ಮಂಗಳವಾರದವರೆಗೆ: ಈಕ್ವಿಲಿಬ್ರಿಯಂ

ಅವಸರ ಬೇಡ. ಮೊದಲ ಮೂರು ದಿನ Kc, Kp, ಲ ಶಾಟ್ಲಿಯೆ ತತ್ವ ಅಷ್ಟೇ. ಪ್ರತಿ ಲೆಕ್ಕಕ್ಕೂ ಆರಂಭ, ಬದಲಾವಣೆ, ಕೊನೆ ಅಂತ ಮೂರು ಸಾಲಿನ ಪಟ್ಟಿ ಬರೆ, ಸುಲಭ ಅನಿಸಿದರೂ ಬರೆ. ಯಾವ ಕಡೆ ಸರಿಯುತ್ತದೆ ಎಂಬ ಪ್ರಶ್ನೆ ಬಂದರೆ ಊಹೆ ಬೇಡ, Q ಲೆಕ್ಕ ಹಾಕಿ K ಜೊತೆ ಹೋಲಿಸು. ಕ್ಯಾಟಲಿಸ್ಟ್ ಹಾಕಿದರೆ K ಬದಲಾಗುವುದಿಲ್ಲ. ಗಾತ್ರ ಬದಲಿಸದೆ ಹೀಲಿಯಂನಂಥ ಅನಿಲ ಸೇರಿಸಿದರೆ ಸಮತೋಲನ ಎತ್ತಲೂ ಸರಿಯುವುದಿಲ್ಲ. ಇವೆರಡನ್ನೂ ಕೇಳುತ್ತಲೇ ಇರುತ್ತಾರೆ.

ಗುರುವಾರದಿಂದ ಆಮ್ಲ, ಕ್ಷಾರ. 0.1 M ಅಸಿಟಿಕ್ ಆಮ್ಲದ (Ka = 1.8×10⁻⁵) pH ಸುಮಾರು 2.87 ಬರಬೇಕು. 10⁻⁸ M HCl ಕೊಟ್ಟರೆ 8 ಅಂತ ಬರೆದುಬಿಡಬೇಡ, ಆಮ್ಲ ಎಷ್ಟೇ ತೆಳುವಾದರೂ ಕ್ಷಾರ ಆಗುವುದಿಲ್ಲ ಅಲ್ವಾ? ನೀರಿನಿಂದ ಬರುವ H⁺ ಸೇರಿಸಿದರೆ ಸುಮಾರು 6.98. ಕೊನೆಗೆ ಬಫರ್, Ksp. ಇಷ್ಟಾದ ಮೇಲೂ ಬಫರ್ ತಲೆಗೆ ಹೋಗದಿದ್ದರೆ ಬುಧವಾರವನ್ನೂ ಅದಕ್ಕೇ ಕೊಡು.

ಐದನೇ ವಾರದ ಉಳಿದ ದಿನ: ರೆಡಾಕ್ಸ್, ಆರ್ಗ್ಯಾನಿಕ್

ಒಂದು ದಿನ ರೆಡಾಕ್ಸ್, ಆಮ್ಲೀಯ ದ್ರಾವಣದಲ್ಲಿ MnO₄⁻ ಮತ್ತು Fe²⁺ ಸಮೀಕರಣ ಸಾಕು. ಆರ್ಗ್ಯಾನಿಕ್ ನಿನಗೆ ಇಷ್ಟದ ಪಾಠ: ಹೆಸರಿಡುವುದು, ರೆಸೊನೆನ್ಸ್, ಕಾರ್ಬೊಕ್ಯಾಟಯಾನ್ ಸ್ಥಿರತೆ, ಮಾರ್ಕೊವ್ನಿಕೋವ್ ನಿಯಮ. ಭಾನುವಾರ ಮೂರು ಗಂಟೆಯ ಪೂರ್ತಿ ಪ್ರಶ್ನೆಪತ್ರಿಕೆ, ಫೋನ್ ಬೇರೆ ಕೋಣೆಯಲ್ಲಿ.

ಆರನೇ ವಾರ

ಸೋಮವಾರ ಆ ಪತ್ರಿಕೆಯನ್ನು ನೀನೇ ತಿದ್ದು. ಅಂಕ ಎಲ್ಲಿ ಹೋಯಿತೋ ಆ ಪಾಠಗಳಿಗೆ ಶುಕ್ರವಾರದವರೆಗಿನ ದಿನ. ಶನಿವಾರ ತಪ್ಪಿನ ನೋಟ್‌ಬುಕ್ ತೆಗೆದು ಉತ್ತರ ಮುಚ್ಚಿ ಎಲ್ಲ ಲೆಕ್ಕವನ್ನೂ ಮತ್ತೆ ಮಾಡು, ಭಾನುವಾರ ಎರಡನೇ ಪತ್ರಿಕೆ. ಪರೀಕ್ಷೆ ಬುಧವಾರ. ಮಧ್ಯದ ಎರಡು ದಿನ ಹೊಸದೇನೂ ಓದಬೇಡ, ಸೂತ್ರ, ಯೂನಿಟ್, ಪಿ-ಬ್ಲಾಕ್ ಪಟ್ಟಿ ನೋಡಿಕೊಂಡು ರಾತ್ರಿ ಬೇಗ ಮಲಗು.