ದೇವರ ಕಾಡಿಗೆ ಗುಡಿ ಯಾಕೆ ಬೇಕು?

ನಮ್ಮೂರ ದೇವತೆ ಚೌಡಿಯ ಬನದಲ್ಲಿ ಸಿಮೆಂಟಿನ ಗುಡಿ ಕಟ್ಟೋ ಮಾತು ನಡೀತಿದೆ, ಅದಕ್ಕೇ ಇದನ್ನ ಬರೀತಿದ್ದೀನಿ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಮಾವಿನಗುಂಡಿ ಕಡೆ ಘಟ್ಟ ಹತ್ತೋವಾಗ ಕತ್ತಲೆಕಾನು ಅಂತ ಒಂದು ಜಾಗ ಸಿಗುತ್ತೆ, ಸಿದ್ದಾಪುರ ತಾಲೂಕಿಗೆ ಸೇರಿದ್ದು. ರೋಡಲ್ಲಿ ಬಸ್ಸು ಲಾರಿ ಓಡ್ತಾ ಇದ್ರೂ ಸ್ವಲ್ಪ ಒಳಗೆ ಇಳಿದ್ರೆ ನೆಲ ಪಚಪಚ ಅನ್ನೋ ಜೌಗು, ಅದರ ಮಧ್ಯದಿಂದ ಮಂಡಿ ಮಡಚಿದ ಹಾಗೆ ಬೇರುಗಳು ಮೇಲೆ ಎದ್ದಿರ್ತವೆ. ಕಾಡು ಜಾಯಿಕಾಯಿ ಜಾತಿ ಮರಗಳು ಅವು. ಕೆಸರಲ್ಲಿ ಗಾಳಿ ಇರಲ್ಲ, ಅದಕ್ಕೇ ಬೇರು ಉಸಿರಾಡೋಕೆ ಹೊರಗೆ ಬರುತ್ತೆ. ಇಲ್ಲಿ ಸಿಕ್ಕ ಒಂದು ಗೇರು ಜಾತಿ ಮರಕ್ಕೆ ವಿಜ್ಞಾನಿಗಳು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತಲೇ ಹೆಸರಿಟ್ಟಿದ್ದಾರೆ, 2000ದಲ್ಲಿ. ಕುಮಟಾದ ಎಂ.ಡಿ. ಸುಭಾಷ್ ಚಂದ್ರನ್ ಅವರಂಥವರು ವರ್ಷಗಟ್ಟಲೆ ಕಾನು ಅಂತ ಕರೆಯೋ ಈ ದೇವರ ಕಾಡುಗಳಲ್ಲಿ ಓಡಾಡಿ ಬರೆದಿದ್ದಕ್ಕೇ ಇದೆಲ್ಲ ಹೊರಗಿನವರಿಗೆ ಗೊತ್ತಾಗಿದ್ದು.

ಇಂಥ ಜಾಗ ಉಳಿದಿದ್ದು ಹೇಗೆ ಅಂತ ಕೇಳಿದ್ರೆ ಎಲ್ಲರೂ ಹೇಳೋದು ಒಂದೇ, ಜನಕ್ಕೆ ದೇವರ ಭಯ ಇತ್ತು, ಅದಕ್ಕೇ ಕಡೀಲಿಲ್ಲ ಅಂತ. ನನಗೆ ಅದು ಅರ್ಧ ಮಾತು ಅನ್ಸುತ್ತೆ. ಭಯ ಒಂದೇ ಕಾಯೋದಾಗಿದ್ರೆ ಭಕ್ತಿ ಜಾಸ್ತಿ ಆದಂಗೆ ಕಾಡೂ ಜಾಸ್ತಿ ಆಗಬೇಕಿತ್ತು. ನಮ್ಮ ಕಡೆ ಆಗ್ತಾ ಇರೋದು ಉಲ್ಟಾ. ಹಬ್ಬಕ್ಕೆ ಜನ ಹಿಂದಿಗಿಂತ ಹೆಚ್ಚು ಬರ್ತಾರೆ, ಕಾಣಿಕೆ ಹೆಚ್ಚು ಬೀಳುತ್ತೆ, ಮರ ಮಾತ್ರ ಕಮ್ಮಿ ಆಗ್ತಿದೆ.

ಕಾನು ಅಂದ್ರೆ ಯಾರೂ ಕಾಲಿಡದ ಕಾಡು ಅಲ್ಲ, ಇದನ್ನ ತುಂಬಾ ಜನ ಮರೀತಾರೆ. ಮೆಣಸು ಬಳ್ಳಿ ಅಲ್ಲೇ ಹಬ್ಬಿರೋದು, ಬೈನೆ ಮರದಿಂದ ಹೆಂಡ ಇಳಿಸೋರು, ಜೇನು, ಉಪ್ಪಾಗೆ, ಮುರುಗಲು, ರಾಮಪತ್ರೆ ಎಲ್ಲಾ ಅಲ್ಲಿಂದಲೇ ಬರ್ತಿತ್ತು. 1868ರಲ್ಲಿ ಬ್ರಿಟಿಷ್ ಅಧಿಕಾರಿಗಳು ಸೊರಬ ತಾಲೂಕು ಒಂದರಲ್ಲೇ 171 ಕಾನುಗಳನ್ನ ಲೆಕ್ಕ ಹಾಕಿದ್ರು, ಹತ್ರಹತ್ರ 32 ಸಾವಿರ ಎಕರೆ, ಅಂದ್ರೆ ಊರಿನ ಬದುಕೇ ಅದರ ಮೇಲೆ ನಿಂತಿತ್ತು. ಹಾಗಾಗಿ ಇದು ಬರೀ ಮುಟ್ಟಬೇಡ ಅನ್ನೋ ನಿಯಮ ಆಗಿರಲಿಲ್ಲ. ಯಾವುದು ಮುಟ್ಟಬಹುದು, ಎಷ್ಟು, ಯಾವಾಗ, ಯಾರು ಅನ್ನೋದೆಲ್ಲ ಅದರೊಳಗೇ ಸೇರಿತ್ತು. ಚೌಡಿ ಬನದಲ್ಲಿ ಒಣಗಿ ಬಿದ್ದ ಮರಾನೂ ಎತ್ತೋ ಹಾಗಿಲ್ಲ, ಅದೇ ಪಕ್ಕದ ಕಾನಿನಲ್ಲಿ ಮೆಣಸು ಕೊಯ್ಯಬಹುದು ಆದರೆ ಹಸಿ ಮರಕ್ಕೆ ಕೊಡಲಿ ಇಡೋ ಹಾಗಿಲ್ಲ, ಅದರಾಚೆ ಬೆಟ್ಟದಲ್ಲಿ ಸೊಪ್ಪು ಕಡಿದು ತೋಟಕ್ಕೆ ಹಾಕಬಹುದು.

ಉಪ್ಪಾಗೆ ವಿಷಯಾನೇ ತಗೊಳ್ಳಿ. ಮಳೆಗಾಲದಲ್ಲಿ ಹಣ್ಣಾಗುತ್ತೆ, ಪುಟ್ಟ ಕುಂಬಳಕಾಯಿ ತರ ಗೀರು ಗೀರು ಇರುತ್ತೆ, ಹಣ್ಣಾಗಿ ಉದುರಿದ್ದನ್ನ ಆರಿಸಿ ತಂದು ಓಡು ಬಿಡಿಸಿ ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸೋದು, ಬೀಜದಿಂದ ತುಪ್ಪ ತೆಗೆಯೋದು. ನಮ್ಮೂರಿನ ಒಬ್ಬ ಅಜ್ಜಿ ಈಗಲೂ ಬುಟ್ಟಿ ಹಿಡ್ಕೊಂಡು ಹೋಗ್ತಾರೆ. ಒಂದು ಮರದ ಬುಡದಲ್ಲಿ ನಿಂತು ನನಗೆ ಅಂದಿದ್ರು, "ಕಾಯಿ ಇದ್ದಾಗ ಕೈ ಹಾಕ್ಬೇಡ ತಮಾ, ಮಂಗ ತಿಂದು ಉಗುಳಿದ್ದು ಮುಂದಿನ ಮರ." ಕಾಡಿನ ಮರ ಹೇಗೆ ಹುಟ್ಟುತ್ತೆ ಅನ್ನೋದು ಆ ಒಂದು ಮಾತಲ್ಲೇ ಇದೆ. 1990ರ ದಶಕದಲ್ಲಿ ಏನಾಯ್ತು ಅಂದ್ರೆ, ತೂಕ ಇಳಿಸೋ ಮಾತ್ರೆಗೆ ಉಪ್ಪಾಗೆ ಸತ್ವ ಬೇಕು ಅಂತ ವಿದೇಶದಲ್ಲಿ ಬೇಡಿಕೆ ಬಂತು, ರೇಟು ಏರಿತು, ನಾನು ಬಿಟ್ರೆ ಇನ್ನೊಬ್ಬ ಕೊಯ್ತಾನೆ ಅಂತ ಎಲ್ಲರೂ ಕಾಯಿ ಇದ್ದಾಗಲೇ ನುಗ್ಗಿದ್ರು, ಕೊಂಬೆ ಸಮೇತ ಕಡಿದು ಬೀಳಿಸಿದ್ರು, ಮೇಲಿಂದ ಮಳೆಗಾಲದಲ್ಲಿ ಅದನ್ನ ಒಣಗಿಸೋಕೆ ರಾಶಿ ರಾಶಿ ಸೌದೆ. ಜನಕ್ಕೆ ತಿಳುವಳಿಕೆ ಇರಲಿಲ್ಲ ಅಂತಲ್ಲ, ಆಗಲೂ ಎಲ್ಲರಿಗೂ ಗೊತ್ತಿತ್ತು. ಈ ಮರ ನಮ್ಮದು, ನಾಳೆನೂ ನಮ್ಮದೇ ಅನ್ನೋ ಗ್ಯಾರಂಟಿ ಇರಲಿಲ್ಲ ಅಷ್ಟೇ. ಸಂಪ್ರದಾಯದ ಜ್ಞಾನ ಅಂತ ನಾವು ಹೊಗಳೋದು ಅದರ ಹಿಂದೆ ಇರೋ ಹಕ್ಕನ್ನ ಕಿತ್ತುಕೊಂಡ ಮೇಲೆ ಕೆಲಸ ಮಾಡಲ್ಲ.

ಕೊಡಗಲ್ಲೂ ಇದೇ ಕಥೆ. ಅಲ್ಲಿ 1,214 ದೇವರಕಾಡು ದಾಖಲಾಗಿವೆ, ಬೇಟೆ ದೇವರು ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಮಣ್ಣಿನ ನಾಯಿಗಳನ್ನ ಇಟ್ಟಿರ್ತಾರೆ, ಎಲೆ ಕಸದಲ್ಲಿ ಅರ್ಧ ಹೂತ್ಕೊಂಡು ಪಾಚಿ ಹಿಡಿದು ಕೂತಿರೋ ಆ ನಾಯಿಗಳನ್ನ ನೋಡೋದೇ ಚಂದ, ದೇವರಿಗೆ ಸೂರಿಲ್ಲ ಗೋಡೆ ಇಲ್ಲ ಕಾಡೇ ಎಲ್ಲ. 1905ರಲ್ಲಿ ಈ ಕಾಡುಗಳು ಕಂದಾಯ ಇಲಾಖೆ ಕೈಗೆ ಹೋದ್ವು. ಆಗ 15,506 ಎಕರೆ ಇದ್ದಿದ್ದು 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬರೋ ಹೊತ್ತಿಗೆ ಸುಮಾರು 6,300 ಎಕರೆ. ಆ ಎಂಬತ್ತು ವರ್ಷದಲ್ಲಿ ಕೊಡಗಿನವರು ದೇವರನ್ನ ನಂಬೋದು ಬಿಟ್ಟಿದ್ರಾ? ಇಲ್ಲ. ಕಾಗದದಲ್ಲಿ ಒಡೆಯ ಬದಲಾದ, ಪಕ್ಕದ ಕಾಫಿ ತೋಟ ಪ್ರತಿ ವರ್ಷ ಒಂದೊಂದು ಸಾಲು ಒಳಗೆ ಬಂತು, ತಡೆಯೋ ಅಧಿಕಾರ ಊರಿಗೆ ಉಳಿದಿರಲಿಲ್ಲ.

ಇನ್ನು ಗುಡಿ ಮಾತು. ನನಗೆ ಜಾಸ್ತಿ ಸಂಕಟ ಆಗೋದು ಇಲ್ಲೇ. ಕರಾವಳಿಯಲ್ಲಿ ಎಷ್ಟೊಂದು ನಾಗಬನಗಳು ಈಗ ಟೈಲ್ಸ್ ಹಾಕಿದ ಕಟ್ಟೆ, ಸುತ್ತ ಕಾಂಪೌಂಡು, ಮೇಲೆ ಶೀಟು. ನಮ್ಮೂರ ಚೌಡಿಗೂ ಈ ಸಲ ಮೀಟಿಂಗ್ ಆಗಿದೆ, ಸಿಮೆಂಟಿನ ಗುಡಿ, ಇಂಟರ್ಲಾಕ್ ಅಂಗಳ, ಬನದೊಳಗೆ ಕಾರು ಹೋಗೋ ದಾರಿ. ಕಟ್ಟೋರು ಕೆಟ್ಟವರಲ್ಲ, ಬೆಂಗಳೂರಲ್ಲಿ ದುಡಿದು ಊರ ದೇವರಿಗೆ ಏನಾದ್ರೂ ಮಾಡಬೇಕು ಅಂತ ಮನಸಾರೆ ಕೊಟ್ಟ ದುಡ್ಡು ಅದು. ಆದರೆ ಆ ಬನದಲ್ಲಿ ಮೇಲಿನ ಎಲೆ ಕಸ ಸರಿಸಿದ್ರೆ ಏಪ್ರಿಲ್ನಲ್ಲೂ ಮಣ್ಣು ಒದ್ದೆ, ಕೆಳಗಿನ ತೋಟದ ಹೊಂಡಕ್ಕೆ ನೀರು ಇಳಿಯೋದು ಅಲ್ಲಿಂದ. ಅಂಗಳ ಗುಡಿಸಿ ಸಿಮೆಂಟ್ ಬಳಿದ್ರೆ ಬಿದ್ದ ಬೀಜ ಎಲ್ಲಿ ಹುಟ್ಟಬೇಕು? ಕಾಡು ಜಾಯಿಕಾಯಿ ಬೀಜ ಒಣಗಿದ್ರೆ ಮುಗೀತು, ಮತ್ತೆ ಮೊಳೆಯಲ್ಲ. ದೊಡ್ಡ ಮರ ಉಳಿಸಿದ್ದೀವಲ್ಲ ಅಂತಾರೆ, ಅದು ಬಿದ್ದ ಮೇಲೆ ಅದರ ಜಾಗಕ್ಕೆ ಬರೋ ಸಸಿನೇ ಇರಲ್ಲ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಕೆಲವು ಬನಗಳಿಗೆ ಹೆಂಗಸರು ಹೋಗೋ ಹಾಗಿಲ್ಲ, ಕೆಲವು ಜಾತಿಯವರು ದೂರ ನಿಲ್ಲಬೇಕಿತ್ತು, ಇದು ತಪ್ಪೇ. ಸೌದೆ, ಔಷಧಿ ಬೇರು, ಹಣ್ಣಿನ ಕಾಲ ಎಲ್ಲ ಹೆಚ್ಚು ಗೊತ್ತಿರೋದೇ ಈ ಹೊರಗೆ ನಿಂತವರಿಗೆ. ಈಗ ಹೊಸದಾಗಿ ಸಮಿತಿ ಮಾಡೋದಾದ್ರೆ ಅವರು ಒಳಗೆ ಕೂರಬೇಕು, ಇಲ್ಲಾಂದ್ರೆ ಜ್ಞಾನ ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ ಆಗುತ್ತೆ.

ಕಾನೂನಿನ ದಾರಿ ಇಲ್ಲ ಅಂತೇನಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ ಅದರ ಉಪಯೋಗ ಎಲ್ಲ ದಾಖಲಾಗಬೇಕು. ಅದೇ ಕಾಯ್ದೆಯಲ್ಲಿ 2007ರಲ್ಲಿ ದೇವನಹಳ್ಳಿ ಹತ್ರದ ನಲ್ಲೂರು ಹುಣಸೆ ತೋಪನ್ನ ಪಾರಂಪರಿಕ ತಾಣ ಅಂತ ಘೋಷಿಸಿದ್ರು, ದೇಶದಲ್ಲೇ ಮೊದಲನೇದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯಕ್ಕೆ ಕಾಡು ಕಾಯೋ ಹಕ್ಕಿದೆ.

ಮುಂದಿನ ಮೀಟಿಂಗಿಗೆ ನಾನು ಕೇಳೋದು ಇಷ್ಟು. ಗುಡಿ ಕಟ್ಟಲೇಬೇಕು ಅಂದ್ರೆ ರೋಡಿನ ಪಕ್ಕ, ಬನದ ಹೊರಗೆ ಕಟ್ಟಿ. ಚೌಡಿ ಕಲ್ಲು ಇದ್ದಲ್ಲೇ ಇರಲಿ. ದಾರಿಗೆ ಎತ್ತಿಟ್ಟ ದುಡ್ಡಲ್ಲಿ ಸರ್ವೆ ಮಾಡಿಸಿ ಬನದ ಗಡಿ ಕಲ್ಲು ಹಾಕ್ಸೋಣ, ಯಾಕಂದ್ರೆ ಪಹಣಿಯಲ್ಲಿ ಇರೋದಕ್ಕೂ ಈಗ ನೆಲದ ಮೇಲೆ ಉಳಿದಿರೋದಕ್ಕೂ ತಾಳೆ ಆಗ್ತಿಲ್ಲ. ಆ ಉಪ್ಪಾಗೆ ಅಜ್ಜಿನ ಮೀಟಿಂಗಿಗೆ ಕರೆಯೋಣ, ಯಾವ ಮರ ಎಲ್ಲಿದೆ ಅಂತ ಅವರು ಹೇಳಲಿ, ಹುಡುಗರು ಬರ್ಕೊಳ್ಳಲಿ. ಗುಡಿ ಸಮಿತಿಯವರಿಗೆ ಫೋನ್ ಮಾಡಿ ಹೇಳಿದ್ದೀನಿ, ಯೋಚನೆ ಮಾಡೋಣ ಅಂದಿದ್ದಾರೆ.