ಸ್ಯಾಪ್ ಸೂಪರ್ ಯೂಸರ್ ಕೆಲಸ: ಹ್ಯಾಂಡೋವರ್ ನೋಟ್

ಇವರಿಂದ: ರೇಣುಕಾ, ಸ್ಟೋರ್ಸ್ ಮತ್ತು ಪ್ರೊಡಕ್ಷನ್ ಸೂಪರ್ ಯೂಸರ್
ಇವರಿಗೆ: ಬಸವರಾಜ
ಪ್ರತಿ: ಐಟಿ, ಸ್ಟೋರ್ಸ್, ಅಕೌಂಟ್ಸ್
ಉದ್ಯಮಬಾಗ, ಬೆಳಗಾವಿ, 29 ಅಕ್ಟೋಬರ್ 2025

ಬಸವರಾಜ ಅವರೇ,

ಶುಕ್ರವಾರ 31ಕ್ಕೆ ನನ್ನ ಕೊನೆಯ ದಿನ. ಕೂತು ತೋರಿಸಿದ್ದೆಲ್ಲ ನಿಮಗೆ ನೆನಪಿರುತ್ತೆ. ಆದರೂ ತಿಂಗಳ ಕೊನೆಯಲ್ಲಿ ನಾಲ್ಕು ಫೋನ್ ಒಟ್ಟಿಗೆ ಬಂದಾಗ ಕೈಗೆ ಸಿಗಲಿ ಅಂತ ಬರೆದಿಡುತ್ತಿದ್ದೇನೆ. ಪ್ಲಾಂಟ್ 1100 ಫೌಂಡ್ರಿ, 1200 ಮಷಿನ್ ಶಾಪ್. ಎರಡೂ ಈಗ ನಿಮ್ಮವೇ.

ಮೊದಲು ಈ ವಾರದ್ದು

ಶನಿವಾರ ನವೆಂಬರ್ 1, ರಾಜ್ಯೋತ್ಸವ, ರಜೆ. ಮರುದಿನ ಭಾನುವಾರ. ಆದರೆ ತಿಂಗಳು ಬದಲಾಗೋದು 1ಕ್ಕೇ. `MMPV` ಓಡಿ ಹೊಸ ಪೀರಿಯಡ್ ತೆರೆಯದಿದ್ದರೆ ಸೋಮವಾರ ಬೆಳಿಗ್ಗೆ ಸ್ಟೋರಿನಲ್ಲಿ ಒಂದೂ ಎಂಟ್ರಿ ಆಗಲ್ಲ. ಗೇಟಿನ ಹೊರಗೆ ಸ್ಕ್ರ್ಯಾಪ್ ಲಾರಿಗಳು ಸಾಲುಗಟ್ಟುತ್ತವೆ.

ಈ ಜಾಬ್ ಪ್ರತಿ ತಿಂಗಳು 1ರಂದು ನಸುಕಿನಲ್ಲಿ ತಾನಾಗಿ ಓಡುತ್ತೆ. ಇಲ್ಲಿಯವರೆಗೆ ಅದು ನನ್ನ ಐಡಿ ಮೇಲೆ ಇತ್ತು. ನನ್ನ ಐಡಿ ಶುಕ್ರವಾರ ಸಂಜೆ ಲಾಕ್ ಆಗುತ್ತೆ. ಲಾಕ್ ಆದ ಐಡಿಯ ಜಾಬ್ ಕ್ಯಾನ್ಸಲ್ ಆಗಿ ಬೀಳುತ್ತೆ, ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಪೀರಿಯಡ್ ಜಾಬ್, ರಾತ್ರಿಯ ಎಂಆರ್‌ಪಿ, ಬೆಳಗಿನ ಸ್ಟಾಕ್ ಮೇಲ್, ಮೂರನ್ನೂ ಐಟಿಯವರ ಬ್ಯಾಕ್‌ಗ್ರೌಂಡ್ ಐಡಿಗೆ ಹಾಕಿಸಿದ್ದೇನೆ. ಆದರೂ 1ರಂದು ಮನೆಯಿಂದಲೇ ಲಾಗಿನ್ ಆಗಿ `SM37`ನಲ್ಲಿ ನೋಡಿ. ಆಮೇಲೆ `MMRV`ಯಲ್ಲಿ ಕಂಪನಿ ಕೋಡ್ 1000 ಕೊಟ್ಟರೆ ಈಗಿನ ಪೀರಿಯಡ್ 08 2025 ಅಂತ ಕಾಣಬೇಕು. ನವೆಂಬರ್ ಅಂದ್ರೆ 11 ಅಲ್ಲ, 08. ನಮ್ಮ ವರ್ಷ ಏಪ್ರಿಲ್‌ನಿಂದ ಶುರು ಅಲ್ವಾ. ಕೈಯಿಂದ ಓಡಿಸೋ ಪ್ರಸಂಗ ಬಂದರೆ ಪೀರಿಯಡ್ ನಂಬರ್ ಹಾಕಬೇಡಿ, ತಾರೀಖು ಹಾಕಿ. ತಪ್ಪು ಪೀರಿಯಡ್ ತೆರೆದರೆ ವಾಪಸ್ ಬರೋದು ಬಹಳ ಕಷ್ಟ.

ಸಂಜೆ ಮೆರವಣಿಗೆ ಶುರುವಾದ ಮೇಲೆ ಊರಲ್ಲಿ ಓಡಾಡೋದೇ ಆಗಲ್ಲ, ಯಾರೂ ಫೋನ್ ಎತ್ತಲ್ಲ. ಮಧ್ಯಾಹ್ನದೊಳಗೆ ನೋಡಿಬಿಡಿ.

ದಿನಾ ಬೆಳಿಗ್ಗೆ: COGI

ಬೇರೆ ಎಲ್ಲ ಕೆಲಸ ಒಂದು ದಿನ ತಡವಾದರೂ ನಡೆಯುತ್ತೆ, ಇದು ನಡೆಯಲ್ಲ. ಚಹಾ ಬರೋದರೊಳಗೆ `COGI` ತೆರೆದು ಎರಡೂ ಪ್ಲಾಂಟ್ ನೋಡಿ.

ರಾತ್ರಿ ಪಾಳಿಯವರು `CO11N`ನಲ್ಲಿ ಕನ್ಫರ್ಮ್ ಮಾಡಿದ ಕೂಡಲೇ ಕಬ್ಬಿಣ, ಸ್ಕ್ರ್ಯಾಪ್, ಫೆರೋ ಅಲಾಯ್ ಎಲ್ಲ ತಾನಾಗಿ ಕಡಿತ ಆಗಬೇಕು. ಸಿಸ್ಟಂನಲ್ಲಿ ಸ್ಟಾಕ್ ಇಲ್ಲದಿದ್ದರೆ ಆ ಸಾಲು ಇಲ್ಲಿ ಬಂದು ನಿಲ್ಲುತ್ತೆ. ಸಾಮಾನ್ಯವಾಗಿ ಕಾಣೋದು ಹೀಗೆ:

```
Deficit of SL Unrestricted-use 840 KG
```

840 ಕೆಜಿ ಪಿಗ್ ಐರನ್ ಕಡಿಮೆ ಬಿದ್ದಿದೆ ಅಂತ ಅರ್ಥ. ಆದರೆ ಎರಕ ಹೊಯ್ದಾಗಿದೆ, ಮಾಲು ಮುಂದೆ ಇದೆ. ಕಬ್ಬಿಣ ಇಲ್ಲದೆ ಎರಕ ಆಗಲು ಸಾಧ್ಯವೇ ಇಲ್ಲ. ಅಂದರೆ ಯಾವುದೋ ಎಂಟ್ರಿ ಬಾಕಿ ಇದೆ. ಹೆಚ್ಚಿನ ಸಲ ನಡೆದಿರೋದು ಇಷ್ಟು: ಲಾರಿ ರಾತ್ರಿ ಬಂದಿದೆ, ಕಾಟಾ ಸ್ಲಿಪ್ ಸೆಕ್ಯೂರಿಟಿ ಹತ್ತಿರ ಇದೆ, ಮಾಲನ್ನು ನೇರ ಫರ್ನೇಸ್ ಹತ್ತಿರ ಇಳಿಸಿದ್ದಾರೆ, `MIGO` ಆಗಿಲ್ಲ. ಗೇಟಿಗೆ ಹೋಗಿ ಸ್ಲಿಪ್ ತನ್ನಿ, 101 ಮಾಡಿಸಿ, ಆಮೇಲೆ `COGI`ಯಲ್ಲಿ ಆ ಸಾಲನ್ನು ಮತ್ತೆ ಪೋಸ್ಟ್ ಮಾಡಿ. ಕುರ್ಚಿಯಲ್ಲಿ ಕೂತು ಇದು ಬಗೆಹರಿಯಲ್ಲ, ಎದ್ದು ಹೋಗಬೇಕು.

ನಿಮ್ಮ ಮೇಲೆ ಒತ್ತಡ ಬರುತ್ತೆ. "561 ಹಾಕಿ ಸ್ಟಾಕ್ ಎತ್ತಿಬಿಡಿ", "ಆ ಸಾಲು ಡಿಲೀಟ್ ಮಾಡಿ, ಸುಮ್ನೆ ತೊಂದರೆ ಯಾಕೆ" ಅಂತ ಹೇಳುವವರು ಇದ್ದಾರೆ. ಎರಡೂ ಮಾಡಬೇಡಿ. 561 ಹಾಕಿದರೆ ಇಲ್ಲದ ಮಾಲು ಪುಸ್ತಕದಲ್ಲಿ ಹುಟ್ಟುತ್ತೆ. ನಾಳೆ ನಿಜವಾದ 101 ಆದಾಗ ಅದೇ ಕಬ್ಬಿಣ ಎರಡು ಸಲ ಬಂದಂತೆ ಆಗುತ್ತೆ. ಸಾಲು ಅಳಿಸಿದರೆ ಕಬ್ಬಿಣ ಖರ್ಚೇ ಆಗಿಲ್ಲ ಅಂತ ಆಗಿ ಕಾಸ್ಟಿಂಗ್ ಅಗ್ಗ ಕಾಣುತ್ತೆ, ಮಾರ್ಚ್ 31ರ ಎಣಿಕೆಯಲ್ಲಿ ಕೊರತೆ ಹೊರಗೆ ಬರುತ್ತೆ. ಯಾರೇ ಹೇಳಲಿ, ಕಾರಣ ಸಿಗುವವರೆಗೆ ಆ ಸಾಲು ಅಲ್ಲೇ ಇರಲಿ.

ಇನ್ನೊಂದು ಕಾರಣ ಫೌಂಡ್ರಿಯಲ್ಲಿ ಮಾತ್ರ. ಯಾರ್ಡಿನಲ್ಲಿ ರನ್ನರ್, ರೈಸರ್ ರಾಶಿ ಬಿದ್ದಿರುತ್ತೆ, ಸಿಸ್ಟಂ ಮಾತ್ರ ರಿಟರ್ನ್ ಸೊನ್ನೆ ಅನ್ನುತ್ತೆ. ಬಿಓಎಂನಲ್ಲಿ ರಿಟರ್ನ್ ಮೈನಸ್‌ನಲ್ಲಿ ಇದ್ದರೆ 531 ತಾನಾಗಿ ಆಗುತ್ತೆ. ಹೊಸ ಪ್ಯಾಟರ್ನ್ ಬಂದಾಗ ಆ ಸಾಲನ್ನೇ ಮರೆಯುತ್ತಾರೆ. ಹೊಸ ಐಟಂ ಕೋಡ್ ತೆರೆದ ದಿನವೇ `CS03`ಯಲ್ಲಿ ನೋಡಿ. ರಿಜೆಕ್ಟ್ ಆದ ಕಾಸ್ಟಿಂಗ್ ಇದರಲ್ಲಿ ಬರಲ್ಲ. ಫೆಟ್ಲಿಂಗ್ ಸೂಪರ್‌ವೈಸರ್ ಕೊಡೋ ರಿಜೆಕ್ಷನ್ ಶೀಟ್ ನೋಡಿ, ತೂಕ ಹಾಕಿ, ಅದೇ ಆರ್ಡರ್ ಮೇಲೆ 531 ಬೇರೆಯಾಗಿ ಮಾಡಬೇಕು. ಶೀಟ್ ಸೋಮವಾರ, ಗುರುವಾರ ಬರುತ್ತೆ. ಬರದಿದ್ದರೆ ಕೇಳಿ ತರಿಸಿ.

ವಾರದ್ದು

ಶುಕ್ರವಾರ `MRBR` ತೆಗೆದು ತಡೆಹಿಡಿದ ಬಿಲ್ ನೋಡಿ, ಪಟ್ಟಿ ಅಕೌಂಟ್ಸ್‌ಗೆ ಕೊಡಿ. ಸಪ್ಲೈಯರ್ ಬಿಲ್ಲಿನ ತೂಕ ಒಂದು, ನಮ್ಮ ಕಾಟಾ ತೂಕ ಇನ್ನೊಂದು. ಹೆಚ್ಚಿನ ತಡೆ ಇದರಿಂದಲೇ. ಉದ್ಯಮಬಾಗದ ಸಣ್ಣ ವರ್ಕ್‌ಶಾಪಿನವರ ಬಿಲ್ ಮೊದಲು ನೋಡಿ. ಕಿರು, ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಹೋಗಲೇಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಅವರು ಆ ಹಣದಲ್ಲೇ ಪಗಾರ ಕೊಡುತ್ತಾರೆ. ನಮ್ಮ ಒಂದು ತಪ್ಪು ಎಂಟ್ರಿಯಿಂದ ಅವರ ಬಿಲ್ ನಿಲ್ಲಬಾರದು.

ಯೂನಿಟ್ ಮೇಲೆ ಕಣ್ಣಿರಲಿ. ಸಿಸ್ಟಂನಲ್ಲಿ ಟನ್ ಅಂದರೆ `TO`. ಮರಳಿನವರ ಚಲನ್‌ನಲ್ಲಿ ಎಂಟಿ ಅಂತ ಇರುತ್ತೆ, ಹೊಸಬರು 25 ಟನ್ ಬದಲು 25 `KG` ಹಾಕುತ್ತಾರೆ.

ಜಾಬ್ ವರ್ಕ್

ಮಷಿನಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗೋ ಮಾಲು 541ರಲ್ಲಿ ಹೋಗುತ್ತೆ. ವಾಪಸ್ ಬಂದಾಗ 101 ಮಾಡಿದರೆ 543 ತಾನಾಗಿ ಕಡಿತ ಮಾಡುತ್ತೆ. ಕೆಲಸ ಆಗದೆ ಹಾಗೇ ಮರಳಿದ್ದಕ್ಕೆ 542. ಯಾರ ಹತ್ತಿರ ಎಷ್ಟಿದೆ ಅನ್ನೋದು `MBLB`ಯಲ್ಲಿ. ತಿಂಗಳಿಗೊಮ್ಮೆ ತೆಗೆದು ಜಾಬ್ ವರ್ಕರ್‌ಗಳಿಂದ ಸಹಿ ಹಾಕಿಸಿಕೊಳ್ಳಿ. ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಅಂತ ಜಿಎಸ್‌ಟಿ ಲೆಕ್ಕ ಹಿಡಿಯುತ್ತೆ. ಐಟಿಸಿ-04 ಅಕ್ಟೋಬರ್ 25ಕ್ಕೆ ಹೋಗಿದೆ. ಮುಂದಿನದು 25 ಏಪ್ರಿಲ್ 2026.

ಕೊಲ್ಹಾಪುರಕ್ಕೆ ಹೋಗೋ ಮಾಲಿನ ಬಗ್ಗೆ ಎಲ್ಲರಿಗೂ ಒಂದು ತಪ್ಪು ಕಲ್ಪನೆ ಇದೆ: 50,000 ರೂಪಾಯಿ ಒಳಗಿದ್ದರೆ ಇ-ವೇ ಬಿಲ್ ಬೇಡ ಅಂತ. ಬೇರೆ ರಾಜ್ಯಕ್ಕೆ ಜಾಬ್ ವರ್ಕ್‌ಗೆ ಕಳಿಸಿದರೆ ಎಷ್ಟೇ ಬೆಲೆ ಇರಲಿ, ಬೇಕೇ ಬೇಕು. ಎರಡು ಪೆಟ್ಟಿಗೆ ಬುಷ್ ಆದರೂ ಬೇಕು. ಗೇಟ್ ಪಾಸ್ ಕೊಡುವವರಿಗೆ ಇದನ್ನು ಆಗಾಗ ಹೇಳುತ್ತಾ ಇರಿ.

ನಾವು ಗಡಿಯಲ್ಲಿ ಇರೋದರಿಂದ ಟ್ಯಾಕ್ಸ್ ಕೋಡ್ ಕೂಡ ಜಾಸ್ತಿ ತಪ್ಪುತ್ತೆ. ಕೆಲವು ಸಪ್ಲೈಯರ್‌ಗಳಿಗೆ ಬೆಳಗಾವಿಯಲ್ಲೂ ಅಂಗಡಿ, ಕೊಲ್ಹಾಪುರದಲ್ಲೂ ಅಂಗಡಿ, ಹೆಸರು ಒಂದೇ. ಪಿಓ ಮಾಡುವಾಗ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. 29 ಇದ್ದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. 27 ಇದ್ದರೆ ಐಜಿಎಸ್‌ಟಿ. ಹೆಸರು ನೋಡಿ ಆರಿಸಬೇಡಿ.

ಇನ್‌ವಾಯ್ಸ್ ಸಿಕ್ಕಿಹಾಕಿಕೊಂಡಾಗ

ಡಿಸ್ಪ್ಯಾಚ್‌ನವರು ಸಂಜೆ ಆರರ ಮೇಲೆ ಫೋನ್ ಮಾಡುತ್ತಾರೆ. ಲಾರಿ ಲೋಡ್ ಆಗಿರುತ್ತೆ, ಡ್ರೈವರ್ ಪುಣೆಗೆ ಹೊರಡಲು ಕಾಯುತ್ತಿರುತ್ತಾನೆ.

ಎರರ್ `2150` ಬಂದರೆ ಐಆರ್‌ಎನ್ ಈಗಾಗಲೇ ಆಗಿದೆ, ಉತ್ತರ ಮಾತ್ರ ನಮ್ಮ ಸಿಸ್ಟಂಗೆ ಮುಟ್ಟಿಲ್ಲ. ಹೊಸ ಇನ್‌ವಾಯ್ಸ್ ಮಾಡಬೇಡಿ, ಇದ್ದದ್ದನ್ನೇ ಪೋರ್ಟಲಿನಿಂದ ಎಳೆದುಕೊಳ್ಳಿ. ಪಿನ್ ಕೋಡ್ ತಕರಾರು ಬಂದರೆ ಗ್ರಾಹಕರ ಮಾಸ್ಟರ್ ತಪ್ಪಿದೆ, ಸೇಲ್ಸ್‌ನವರಿಂದ ತಿದ್ದಿಸಿ. ಗಾಡಿ ನಂಬರಿನಲ್ಲಿ ಗೆರೆ, ಜಾಗ ಬೇಡ, `KA22`ದಿಂದ ಕೊನೆವರೆಗೆ ಒಂದೇ ಸಮ.

ರದ್ದು ಮಾಡೋದಾದರೆ 24 ಗಂಟೆಯೊಳಗೆ. ಮೊದಲು ಇ-ವೇ ಬಿಲ್, ಆಮೇಲೆ ಐಆರ್‌ಎನ್, ಕೊನೆಗೆ `VF11`. ಈ ಕ್ರಮ ತಪ್ಪಿದರೆ ಐಆರ್‌ಎನ್ ರದ್ದಾಗಲ್ಲ. ಆ ಇನ್‌ವಾಯ್ಸ್ ನಂಬರ್ ಮತ್ತೆ ಬಳಸುವಂತಿಲ್ಲ. 24 ಗಂಟೆ ಮೀರಿದರೆ ಕ್ರೆಡಿಟ್ ನೋಟ್ ಒಂದೇ ದಾರಿ.

ಇ-ವೇ ಬಿಲ್ 200 ಕಿಲೋಮೀಟರಿಗೆ ಒಂದು ದಿನ. ಪುಣೆಗೆ ಎರಡು ದಿನ ಸಿಗುತ್ತೆ. ಗಾಡಿ ದಾರಿಯಲ್ಲಿ ಕೆಟ್ಟರೆ ಅವಧಿ ಮುಗಿಯೋ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಮಾತ್ರ ಮುಂದೂಡಬಹುದು. ಟ್ರಾನ್ಸ್‌ಪೋರ್ಟಿನವರಿಗೆ ಇದು ಗೊತ್ತು, ಆದರೆ ಡ್ರೈವರ್ ನಮಗೆ ಹೇಳೋದೇ ತಡವಾಗಿ.

ಕೈಗೆ ಸುಲಭವಾಗೋ ದಾರಿಗಳು

```
/nMIGO   ಇದೇ ಕಿಟಕಿಯಲ್ಲಿ ತೆರೆಯುತ್ತೆ
/oMMBE   ಹೊಸ ಕಿಟಕಿಯಲ್ಲಿ ತೆರೆಯುತ್ತೆ
/nex     ಕೇಳದೆ ಎಲ್ಲ ಮುಚ್ಚುತ್ತೆ, ಹುಷಾರು
%pc      ಪಟ್ಟಿಯನ್ನು ಫೈಲಿಗೆ ಇಳಿಸುತ್ತೆ
```

ಎಕ್ಸೆಲ್‌ನಿಂದ ನೂರು ಕೋಡ್ ಕಾಪಿ ಮಾಡಿ, ಮಲ್ಟಿಪಲ್ ಸೆಲೆಕ್ಷನ್‌ನಲ್ಲಿ `Shift+F12` ಒತ್ತಿದರೆ ಎಲ್ಲ ಒಂದೇ ಸಲ ಬೀಳುತ್ತವೆ. `SU3`ಯಲ್ಲಿ `WRK` ಎದುರು 1100 ಹಾಕಿಟ್ಟರೆ ಪ್ಲಾಂಟ್ ಪದೇ ಪದೇ ಬರೆಯಬೇಕಿಲ್ಲ. ನಾನು ಬಳಸುತ್ತಿದ್ದ ಸ್ಟಾಕ್ ಲೇಔಟ್ ನನ್ನ ಐಡಿಗೆ ಮಾತ್ರ ಇತ್ತು. ಅದನ್ನು `/STK` ಹೆಸರಲ್ಲಿ ಎಲ್ಲರಿಗೂ ಕಾಣುವಂತೆ ಉಳಿಸಿದ್ದೇನೆ, `MB52`ರಲ್ಲಿ ಆರಿಸಿಕೊಳ್ಳಿ.

"ಪರ್ಮಿಷನ್ ಇಲ್ಲ ಅಂತಿದೆ" ಅಂತ ಯಾರಾದರೂ ಬಂದರೆ ಆ ಕ್ಷಣವೇ ಅವರ ಕಂಪ್ಯೂಟರಿನಲ್ಲಿ `/nSU53` ಹಾಕಿಸಿ, ಸ್ಕ್ರೀನ್ ಫೋಟೋ ಐಟಿಗೆ ಕಳಿಸಿ. ನಿಮ್ಮ ಐಡಿ ಕೊಟ್ಟು ಕೆಲಸ ಮುಗಿಸಬೇಡಿ. "ಲಾಕ್ ಆಗಿದೆ" ಅಂದರೆ `SM12`ರಲ್ಲಿ ಯಾರು ಹಿಡಿದಿದ್ದಾರೆ ನೋಡಿ, ಅವರನ್ನೇ ಕೇಳಿ ಬಿಡಿಸಿ. ಲಾಕ್ ಅಳಿಸೋದು ಐಟಿಯವರ ಕೆಲಸ.

ಬಾಕಿ ಉಳಿದಿದ್ದು

ಪ್ಲಾಂಟ್ 1200ರ ಇನ್ಸರ್ಟ್, ಡ್ರಿಲ್‌ಗಳಿಗೆ ಹಳೇ ಕೋಡ್, ಹೊಸ ಕೋಡ್ ಎರಡೂ ಓಡುತ್ತಿವೆ. ಹಳೇದರ ಸ್ಟಾಕ್ ಮುಗಿದ ಮೇಲೆ ಬ್ಲಾಕ್ ಮಾಡಿಸಬೇಕು, ಪಟ್ಟಿ ಶೇರ್ಡ್ ಫೋಲ್ಡರಿನಲ್ಲಿದೆ. ಫೆಟ್ಲಿಂಗ್ ವಿಭಾಗದ ಪ್ರಿಂಟರ್‌ಗೆ ಸ್ಪೂಲ್ ಹೋಗಲ್ಲ, ಐಟಿಯಲ್ಲಿ ಟಿಕೆಟ್ ತೆರೆದಿದೆ, ಅಲ್ಲಿವರೆಗೆ `SP02`ದಿಂದ ಸ್ಟೋರ್ ಪ್ರಿಂಟರ್‌ಗೆ ಕಳಿಸಿ. ಅಕ್ಟೋಬರ್ ಎಂಟ್ರಿಗೆ ಅಕೌಂಟ್ಸ್‌ನವರು ನವೆಂಬರ್ 5ರ ಸಂಜೆವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಅಕ್ಟೋಬರ್ ತಾರೀಖಿನ `COGI` ಸಾಲು ಒಂದೂ ಉಳಿಯಬಾರದು. ಇವತ್ತಿಗೆ ಫೌಂಡ್ರಿಯದು ಏಳು ಇವೆ, ಎಲ್ಲವೂ ಮಂಗಳವಾರ ರಾತ್ರಿಯ ಸ್ಕ್ರ್ಯಾಪ್ ಲಾರಿಯವು. ಕಾಟಾ ಸ್ಲಿಪ್ ನಿಮ್ಮ ಟೇಬಲ್ ಮೇಲೆ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅವನ್ನು ನೀವೇ ಪೋಸ್ಟ್ ಮಾಡಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ರೇಣುಕಾ