ಗರಂ ಮಸಾಲೆ ಪುಡಿ (ತರಿ), 100 ಗ್ರಾಂ

ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಚಕ್ಕೆ, ಏಲಕ್ಕಿ, ಲವಂಗ ಮತ್ತು ಜಾಯಿಕಾಯಿ ಇವಿಷ್ಟೇ ಇದರಲ್ಲಿರುವ ಪದಾರ್ಥಗಳಾಗಿದ್ದು, ಅವನ್ನು ತೂಕದ ಇಳಿಕೆಯ ಕ್ರಮದಲ್ಲಿ ಹೆಸರಿಸಲಾಗಿದೆ. ಉಪ್ಪನ್ನಾಗಲಿ ಬಣ್ಣವನ್ನಾಗಲಿ ಬೆರೆಸಿಲ್ಲ. ಕೊತ್ತಂಬರಿ ಬೀಜ ಮತ್ತು ಜೀರಿಗೆಯನ್ನು ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿದು, ಏಲಕ್ಕಿ ಮತ್ತು ಜಾಯಿಕಾಯಿಯನ್ನು ಹುರಿಯದೆ ಸೇರಿಸಿ, ಎಲ್ಲವೂ ಪೂರ್ತಿ ತಣಿದ ನಂತರವೇ ತರಿತರಿಯಾಗಿ ಬೀಸಿದ್ದೇವೆ, ಏಕೆಂದರೆ ತೀರಾ ನುಣ್ಣಗಿನ ಪುಡಿಯು ಪರಿಮಳವನ್ನು ಬೇಗ ಕಳೆದುಕೊಳ್ಳುತ್ತದೆ.

ಬ್ಯಾಚ್ ಸಂಖ್ಯೆ 27. ಬೀಸಿದ ದಿನಾಂಕ 10 ನವೆಂಬರ್ 2025.

ತರಕಾರಿ ಅಥವಾ ಕಾಳಿನ ಗ್ರೇವಿಗೆ, ನಾಲ್ವರ ಅಡುಗೆಗೆ ಅರ್ಧ ಟೀ ಚಮಚದಂತೆ, ಒಲೆ ಆರಿಸುವ ಸ್ವಲ್ಪ ಮುನ್ನ ಹಾಕಬೇಕು; ಪಲಾವ್‌ಗಾದರೆ ಈರುಳ್ಳಿ ಬಾಡಿದ ಮೇಲೆ ಎಣ್ಣೆಯಲ್ಲೇ ಕ್ಷಣಕಾಲ ಬಾಡಿಸುವುದು ಉತ್ತಮ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಣ ಚಮಚವನ್ನೇ ಬಳಸಿರಿ.